ಸಣ್ಣ ಕಣ ಕಂಡ ಕೂಡಲೇ ಕಬ್ಬಿಣ ಅನ್ನಬೇಡಿ

(ಕಾರವಾರದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಅನೀಮಿಯಾದ ಪ್ರಶ್ನೆ ಬಂದರೆ ನೀವೆಲ್ಲ ಏನು ಮಾಡುತ್ತೀರಿ ಅಂತ ಉತ್ತರ ಪತ್ರಿಕೆ ನೋಡುವವರಿಗೆ ಚೆನ್ನಾಗಿ ಗೊತ್ತು. ಮೊದಲು ಹಿಮೋಗ್ಲೋಬಿನ್ ನೋಡುತ್ತೀರಿ. ಆಮೇಲೆ ಎಂಸಿವಿ, ಅಂದರೆ ಕೆಂಪು ಕಣದ ಸರಾಸರಿ ಗಾತ್ರ. ಅದು 80ಕ್ಕಿಂತ ಕಡಿಮೆ ಇದ್ದರೆ ಪಕ್ಕದಲ್ಲಿ 'ಮೈಕ್ರೋಸೈಟಿಕ್' ಅಂತ ಬರೆದುಕೊಂಡು, ಆಯ್ಕೆಗಳಲ್ಲಿ ಕಬ್ಬಿಣದ ಕೊರತೆ ಎಲ್ಲಿದೆ ಅಂತ ಹುಡುಕುತ್ತೀರಿ. ಸಿಕ್ಕಿದ ಕೂಡಲೇ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತೀರಿ. ಹೆಚ್ಚಿನ ಸಲ ಉತ್ತರ ಸರಿಯೂ ಆಗುತ್ತದೆ, ಯಾಕೆಂದರೆ ನಮ್ಮಲ್ಲಿ ಕಬ್ಬಿಣದ ಕೊರತೆ ಅಷ್ಟು ಸಾಮಾನ್ಯ. ಆದರೆ ಪ್ರಶ್ನೆ ತೆಗೆಯುವವರು ಅಷ್ಟೆಲ್ಲ ಅಂಕಿಗಳನ್ನು ಸುಮ್ನೆ ಕೊಟ್ಟಿರುವುದಿಲ್ಲ. ನೀವು ದಾಟಿ ಹೋದ ಒಂದು ಸಾಲಿನಲ್ಲಿ ಉತ್ತರ ಕೂತಿರುತ್ತದೆ. ಆ ಸಾಲು ಯಾವುದು ಅಂದರೆ ಕೆಂಪು ಕಣಗಳ ಒಟ್ಟು ಎಣಿಕೆ, ಆರ್‌ಬಿಸಿ ಕೌಂಟ್.

ಇವತ್ತು ಅನೀಮಿಯಾದ ಇಡೀ ವರ್ಗೀಕರಣ ಹೇಳುವುದಿಲ್ಲ. ಅದು ನಿಮ್ಮ ಪುಸ್ತಕದಲ್ಲಿದೆ. ಸಣ್ಣ ಕಣದ ಅನೀಮಿಯಾ ಒಂದನ್ನೇ ಹಿಡಿದುಕೊಂಡು, ಕಬ್ಬಿಣದ ಕೊರತೆಯನ್ನೂ ಬೀಟಾ ಥಲಸ್ಸೀಮಿಯಾ ಟ್ರೇಟನ್ನೂ ಸಿಬಿಸಿ ರಿಪೋರ್ಟ್ ಮತ್ತು ಸ್ಮಿಯರ್ ಇಟ್ಟುಕೊಂಡು ಹೇಗೆ ಬೇರೆ ಮಾಡುವುದು ಅಂತ ನೋಡೋಣ. ಕೊನೆಗೆ ಎಂಸಿವಿ ನಾರ್ಮಲ್ ಇದ್ದೂ ನಾರ್ಮಲ್ ಅಲ್ಲದ ಒಂದು ಕೇಸ್ ನೋಡೋಣ.

ಅದಕ್ಕೂ ಮೊದಲು ಒಂದು ವಿಷಯ. ರಿಪೋರ್ಟಿನಲ್ಲಿರುವ ಅಂಕಿಗಳಲ್ಲಿ ಯಂತ್ರ ನಿಜವಾಗಿ ಅಳೆದದ್ದು ಯಾವುದು, ಲೆಕ್ಕ ಹಾಕಿ ಬರೆದದ್ದು ಯಾವುದು? ಹಿಂದೆ ಪಿಸಿವಿಯನ್ನು ಕಣ್ಣಾರೆ ನೋಡಿ ಅಳೆಯುತ್ತಿದ್ದರು. ವಿಂಟ್ರೋಬ್ 1929ರಲ್ಲಿ ಪರಿಚಯಿಸಿದ ಗಾಜಿನ ನಳಿಗೆಯಲ್ಲಿ ರಕ್ತ ಹಾಕಿ ತಿರುಗಿಸಿದರೆ ಕಣಗಳು ತಳಕ್ಕೆ ಕೂರುತ್ತಿದ್ದವು. ಅದರ ಎತ್ತರವೇ ಪಿಸಿವಿ. ಅದನ್ನು ಕಣಗಳ ಎಣಿಕೆಯಿಂದ ಭಾಗಿಸಿದರೆ ಎಂಸಿವಿ ಸಿಗುತ್ತಿತ್ತು. ಈಗಿನ ಸಾಮಾನ್ಯ ಯಂತ್ರಗಳಲ್ಲಿ ಇದು ಉಲ್ಟಾ. ಕಣಗಳು ಒಂದು ಸಣ್ಣ ರಂಧ್ರದ ಮೂಲಕ ಒಂದೊಂದಾಗಿ ಹಾದು ಹೋಗುತ್ತವೆ. ಪ್ರತಿ ಕಣ ಹಾದಾಗಲೂ ವಿದ್ಯುತ್ತಿನಲ್ಲಿ ಒಂದು ಏರಿಳಿತ ಆಗುತ್ತದೆ. ಏರಿಳಿತ ಎಷ್ಟು ಸಲ ಆಯಿತು ಅನ್ನುವುದು ಎಣಿಕೆ, ಎಷ್ಟು ದೊಡ್ಡದಾಗಿತ್ತು ಅನ್ನುವುದು ಗಾತ್ರ. ಇದು ವಾಲೆಸ್ ಕೋಲ್ಟರ್ ಕಂಡುಕೊಂಡ ತತ್ವ, 1953ರಲ್ಲಿ ಪೇಟೆಂಟ್ ಆಯಿತು. ಹಿಮೋಗ್ಲೋಬಿನ್ನನ್ನು ಕಣ ಒಡೆದು ಬಣ್ಣದಿಂದ ಅಳೆಯುತ್ತದೆ.

ಹಾಗಾಗಿ ಎಣಿಕೆ, ಗಾತ್ರ, ಹಿಮೋಗ್ಲೋಬಿನ್ ಈ ಮೂರು ಯಂತ್ರ ಅಳೆದದ್ದು. ಪಿಸಿವಿ, ಎಂಸಿಎಚ್, ಎಂಸಿಎಚ್‌ಸಿ ಈ ಮೂರೂ ಅವುಗಳಿಂದ ಹುಟ್ಟಿದ ಲೆಕ್ಕ. ಆರ್‌ಡಿಡಬ್ಲ್ಯೂ ಅಂದರೆ ಅಳೆದ ಗಾತ್ರಗಳು ಎಷ್ಟು ಚದುರಿವೆ ಅನ್ನುವ ಅಂಕಿ. ಎಲ್ಲ ಕಣ ಒಂದೇ ಅಳತೆಯವಾದರೆ ಅದು ಕಡಿಮೆ, ಸಣ್ಣದು ದೊಡ್ಡದು ಕಲಸಿದ್ದರೆ ಜಾಸ್ತಿ. ಸುಮಾರು 14.5ರವರೆಗೆ ನಾರ್ಮಲ್ ಅಂತ ಇಟ್ಟುಕೊಳ್ಳಿ. ಈ ವ್ಯತ್ಯಾಸ ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತದೆ.

ಈಗ ಎರಡು ರಿಪೋರ್ಟ್ ಅಕ್ಕಪಕ್ಕ ಇಡುತ್ತೇನೆ. ಇವು ಪಾಠಕ್ಕಾಗಿ ನಾನು ಕಟ್ಟಿದ ಕೇಸ್‌ಗಳು. ಆದರೆ ಅಂಕಿಗಳೆಲ್ಲ ನೀವು ದಿನಾ ನೋಡುವ ತರಹದ್ದೇ.

ಮೊದಲನೆಯದು ಶಿರಸಿ ಕಡೆಯ 24 ವರ್ಷದ ಹೆಂಗಸು. ಮೊದಲ ಬಸಿರು, 10ನೇ ವಾರ. ಸುಸ್ತು ಅಂತ ಏನೂ ಹೇಳುವುದಿಲ್ಲ, ಬಸಿರಿನ ಮಾಮೂಲಿ ತಪಾಸಣೆಗೆ ಬಂದವಳು. ಹಿಮೋಗ್ಲೋಬಿನ್ 10.2. ಕೆಂಪು ಕಣಗಳ ಎಣಿಕೆ 55 ಲಕ್ಷ. ಎಂಸಿವಿ 60. ಆರ್‌ಡಿಡಬ್ಲ್ಯೂ 14.2.

ಎರಡನೆಯದು ಅಂಕೋಲಾ ಕಡೆಯ 48 ವರ್ಷದ ಗಂಡಸು. ಅಡಿಕೆ ತೋಟದಲ್ಲಿ ಕೂಲಿ ಕೆಲಸ, ವರ್ಷವಿಡೀ ಬರಿಗಾಲು. ಗುಡ್ಡ ಹತ್ತಿದರೆ ಏದುಸಿರು ಬರುತ್ತದೆ ಅಂತ ಬಂದಿದ್ದಾನೆ. ಹಿಮೋಗ್ಲೋಬಿನ್ 7. ಎಣಿಕೆ 35 ಲಕ್ಷ. ಎಂಸಿವಿ 66. ಆರ್‌ಡಿಡಬ್ಲ್ಯೂ 20.

ಇಬ್ಬರದೂ ಮೈಕ್ರೋಸೈಟಿಕ್, ಅಲ್ವಾ? ಎಂಸಿಎಚ್ ಲೆಕ್ಕ ಹಾಕೋಣ. ಹಿಮೋಗ್ಲೋಬಿನ್ನನ್ನು 10ರಿಂದ ಗುಣಿಸಿ, ಮಿಲಿಯನ್ ಲೆಕ್ಕದ ಎಣಿಕೆಯಿಂದ ಭಾಗಿಸಬೇಕು. ಆಕೆಯದು 102ನ್ನು 5.5ರಿಂದ ಭಾಗಿಸಿದರೆ 18.5. ಆತನದು 70ನ್ನು 3.5ರಿಂದ ಭಾಗಿಸಿದರೆ 20. ಎರಡೂ 27ಕ್ಕಿಂತ ಎಷ್ಟೋ ಕೆಳಗೆ, ಅಂದರೆ ಇಬ್ಬರದೂ ಹೈಪೋಕ್ರೋಮಿಕ್. 'ಮೈಕ್ರೋಸೈಟಿಕ್ ಹೈಪೋಕ್ರೋಮಿಕ್ ಅನೀಮಿಯಾ' ಅಂತ ಎರಡಕ್ಕೂ ಒಂದೇ ಚೀಟಿ ಅಂಟಿಸಿ ನಿಲ್ಲಿಸಿದರೆ ಇಬ್ಬರಿಗೂ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುತ್ತೀರಿ.

ಈಗ ಇನ್ನೊಂದು ಸಲ ನೋಡಿ. ಹೆಂಗಸಿಗೆ ರಕ್ತ ಕಡಿಮೆ ಅನ್ನುತ್ತಿದ್ದೇವೆ, ಆದರೆ ಆಕೆಯ ಕಣಗಳ ಎಣಿಕೆ ಕಡಿಮೆಯೇ ಇಲ್ಲ. ಹೆಂಗಸರಿಗೆ 50 ಲಕ್ಷ ಅಂದರೇ ಮೇಲಿನ ಅಂಚು. ಈಕೆಗೆ 55 ಲಕ್ಷ. ಅದೂ ಬಸಿರಿನಲ್ಲಿ. ಗಂಡಸಿನಲ್ಲಿ ಮಾತ್ರ ಹಿಮೋಗ್ಲೋಬಿನ್ನಿನ ಜೊತೆ ಎಣಿಕೆಯೂ ಬಿದ್ದಿದೆ. ಇಲ್ಲಿಂದಲೇ ದಾರಿ ಎರಡಾಗುತ್ತದೆ.

ಯಾಕೆ ಹೀಗೆ? ಇದನ್ನು ಬಾಯಿಪಾಠ ಮಾಡಬೇಡಿ, ಕಾರಣ ತಿಳಿದರೆ ಮರೆಯುವುದಿಲ್ಲ. ಕಬ್ಬಿಣ ಇಲ್ಲದಾಗ ಮಜ್ಜೆಗೆ ಹಿಮೋಗ್ಲೋಬಿನ್ ಕಟ್ಟಲು ಕಚ್ಚಾ ಸಾಮಾನೇ ಇಲ್ಲ. ಒಂದೊಂದು ಕಣಕ್ಕೂ ಹಿಮೋಗ್ಲೋಬಿನ್ ಸಾಲುವುದಿಲ್ಲ, ಹೊಸ ಕಣಗಳನ್ನು ಹೆಚ್ಚು ಮಾಡಲೂ ಆಗುವುದಿಲ್ಲ. ಗಾತ್ರವೂ ಇಳಿಯುತ್ತದೆ, ಎಣಿಕೆಯೂ ಇಳಿಯುತ್ತದೆ. ಥಲಸ್ಸೀಮಿಯಾ ಟ್ರೇಟ್‌ನಲ್ಲಿ ಕಬ್ಬಿಣ ಬೇಕಾದಷ್ಟು ಇದೆ. ಬೀಟಾ ಗ್ಲೋಬಿನ್ ಮಾಡುವ ಎರಡು ಜೀನ್‌ಗಳಲ್ಲಿ ಒಂದು ಕೆಟ್ಟಿದೆ, ಅಷ್ಟೇ. ಒಂದು ಕಣಕ್ಕೆ ಸೇರುವ ಹಿಮೋಗ್ಲೋಬಿನ್ ಕಡಿಮೆಯಾಗುತ್ತದೆ, ಕಣ ಸಣ್ಣದಾಗುತ್ತದೆ. ಆದರೆ ಕಣಗಳನ್ನು ಹೆಚ್ಚು ಹೆಚ್ಚು ಮಾಡಲು ಮಜ್ಜೆಗೆ ಅಡ್ಡಿಯಿಲ್ಲ. ಆ ಕೊರತೆ ತುಂಬಿಸಲು ಎಣಿಕೆ ಏರಿಸುತ್ತದೆ. ಹಾಗಾಗಿ ಕಣ ಬಹಳ ಸಣ್ಣದು, ಆದರೆ ಸಂಖ್ಯೆ ಜಾಸ್ತಿ, ಹಿಮೋಗ್ಲೋಬಿನ್ ಸ್ವಲ್ಪವೇ ಕಡಿಮೆ.

ಆರ್‌ಡಿಡಬ್ಲ್ಯೂ ಕೂಡ ಇದೇ ಕಾರಣದಿಂದ ಅರ್ಥವಾಗುತ್ತದೆ. ಕೆಂಪು ಕಣದ ಆಯಸ್ಸು ಸುಮಾರು 120 ದಿನ. ಕಬ್ಬಿಣ ಒಂದೇ ದಿನ ಖಾಲಿಯಾಗುವುದಿಲ್ಲ, ತಿಂಗಳುಗಟ್ಟಲೆ ಸೋರಿ ಹೋಗುತ್ತದೆ. ಮೂರು ತಿಂಗಳ ಹಿಂದೆ ಹುಟ್ಟಿದ ಕಣಕ್ಕೆ ಕಬ್ಬಿಣ ಸಿಕ್ಕಿತ್ತು, ಅದು ಸುಮಾರಾಗಿ ದೊಡ್ಡದೇ ಇದೆ. ಕಳೆದ ವಾರ ಹುಟ್ಟಿದ್ದು ಸಣ್ಣದು. ಎಲ್ಲವೂ ಒಟ್ಟಿಗೆ ಓಡಾಡುತ್ತಿವೆ, ಅದಕ್ಕೇ ಆತನ ಆರ್‌ಡಿಡಬ್ಲ್ಯೂ 20. ಟ್ರೇಟ್ ಇರುವವರಿಗೆ ಕೊರತೆ ಹುಟ್ಟಿನಿಂದ ಇದೆ, ಪ್ರತಿ ಕಣಕ್ಕೂ ಹೆಚ್ಚುಕಡಿಮೆ ಒಂದೇ ಅಳತೆಯದ್ದು. ಹಾಗಾಗಿ ಎಲ್ಲ ಕಣವೂ ಸಣ್ಣದು, ಎಲ್ಲವೂ ಒಂದೇ ತರ. ಆಕೆಯದು 14.2. ಆದರೆ ಒಂದು ಎಚ್ಚರ ಬೇಕು. ಟ್ರೇಟ್‌ನಲ್ಲೂ ಆರ್‌ಡಿಡಬ್ಲ್ಯೂ ಕೆಲವರಿಗೆ ಸ್ವಲ್ಪ ಏರಿರುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಅದು ಸ್ಪಷ್ಟವಾಗಿ ನಾರ್ಮಲ್ ಇರುತ್ತದೆ, ವಾರ್ಡಿನಲ್ಲಿ ಅಷ್ಟು ಸ್ಪಷ್ಟ ಇರುವುದಿಲ್ಲ.

ಗಾತ್ರ ಮತ್ತು ಎಣಿಕೆಯ ಈ ಸಂಬಂಧವನ್ನು ಒಂದೇ ಅಂಕಿಯಲ್ಲಿ ಹಿಡಿದವರು ಮೆಂಟ್ಜರ್, 1973ರಲ್ಲಿ. ಎಂಸಿವಿಯನ್ನು ಮಿಲಿಯನ್ ಲೆಕ್ಕದ ಎಣಿಕೆಯಿಂದ ಭಾಗಿಸಿ. 13ಕ್ಕಿಂತ ಕಡಿಮೆ ಬಂದರೆ ಟ್ರೇಟ್ ಕಡೆಗೆ, ಹೆಚ್ಚು ಬಂದರೆ ಕಬ್ಬಿಣದ ಕೊರತೆ ಕಡೆಗೆ. ಆಕೆಯದು 60ನ್ನು 5.5ರಿಂದ ಭಾಗಿಸಿದರೆ 10.9. ಆತನದು 66ನ್ನು 3.5ರಿಂದ ಭಾಗಿಸಿದರೆ 18.9.

'ಕಡೆಗೆ' ಅಂದೆ. ಯಾಕೆಂದರೆ ಇದು ಅನುಮಾನ ಹುಟ್ಟಿಸುವ ಲೆಕ್ಕವೇ ಹೊರತು ರೋಗ ನಿರ್ಣಯ ಅಲ್ಲ. 12ರಿಂದ 14ರ ನಡುವೆ ಬಂದರೆ ಅದರ ಮೇಲೆ ಏನೂ ಕಟ್ಟಬೇಡಿ. ಇಬ್ಬರಲ್ಲೂ ಇರುವ ತೊಂದರೆ ಒಬ್ಬರಲ್ಲೇ ಇದ್ದರೆ, ಅಂದರೆ ಟ್ರೇಟೂ ಇದೆ, ಕಬ್ಬಿಣವೂ ಇಲ್ಲ ಅಂದರೆ, ಎಣಿಕೆ ಇಳಿದು ಈ ಲೆಕ್ಕ ಕಬ್ಬಿಣದ ಕಡೆಗೇ ಬೆರಳು ತೋರಿಸಬಹುದು. ಹೊಸದಾಗಿ ರಕ್ತ ಹೋಗಿದ್ದರೆ, ರಕ್ತ ಕೊಟ್ಟಿದ್ದರೆ, ಆಗಲೂ ಲೆಕ್ಕ ಕೆಡುತ್ತದೆ.

ಇನ್ನು ಸ್ಮಿಯರ್. ಪ್ರಶ್ನೆಗಳಲ್ಲಿ ಇದನ್ನು ಒಂದು ಸಾಲಿನಲ್ಲಿ ಹೇಳಿ ಬಿಡುತ್ತಾರೆ. ಆ ಸಾಲಿನ ಯಾವ ಪದಕ್ಕೆ ಎಷ್ಟು ಬೆಲೆ ಕೊಡಬೇಕು ಅನ್ನುವುದು ಮುಖ್ಯ. 'ಟಾರ್ಗೆಟ್ ಸೆಲ್' ಅಂತ ಕಂಡ ಕೂಡಲೇ ಥಲಸ್ಸೀಮಿಯಾ ಅಂತ ಬರೆಯುವವರು ತುಂಬಾ ಜನ. ಟಾರ್ಗೆಟ್ ಸೆಲ್ ಕಬ್ಬಿಣದ ಕೊರತೆಯಲ್ಲೂ ಅಲ್ಲೊಂದು ಇಲ್ಲೊಂದು ಸಿಗುತ್ತದೆ, ಲಿವರ್ ಕಾಯಿಲೆಯಲ್ಲಿ ಸಿಗುತ್ತದೆ, ಸ್ಪ್ಲೀನ್ ತೆಗೆದವರಲ್ಲಿ ಸಿಗುತ್ತದೆ. 'ಪೆನ್ಸಿಲ್ ಸೆಲ್' ಅನ್ನುವ ಉದ್ದನೆಯ ತೆಳ್ಳನೆಯ ಕಣಗಳು, ಜೊತೆಗೆ ಬೇರೆ ಬೇರೆ ಗಾತ್ರ, ಬೇರೆ ಬೇರೆ ಆಕಾರ ಅಂತ ಬರೆದಿದ್ದರೆ ಅದು ಕಬ್ಬಿಣದ ಕೊರತೆಯ ಪರವಾಗಿ ಚೆನ್ನಾಗಿ ನಿಲ್ಲುತ್ತದೆ. 'ಬೇಸೋಫಿಲಿಕ್ ಸ್ಟಿಪ್ಲಿಂಗ್', ಅಂದರೆ ಕಣದ ತುಂಬ ನೀಲಿ ಚುಕ್ಕೆ, ಕಬ್ಬಿಣದ ಕೊರತೆಗೆ ಹೊಂದುವುದಿಲ್ಲ. ಸಣ್ಣ ಕಣದ ಜೊತೆ ಅದು ಬಂದರೆ ಥಲಸ್ಸೀಮಿಯಾ ನೆನಪಾಗಬೇಕು, ಬ್ಯಾಟರಿ ಕೆಲಸದವನು ಅಂತ ಪ್ರಶ್ನೆಯಲ್ಲಿದ್ದರೆ ಸೀಸದ ವಿಷ ನೆನಪಾಗಬೇಕು.

ಸ್ಲೈಡ್ ನೀವೇ ನೋಡುವಾಗ ಅಳತೆಗೋಲು ಸ್ಲೈಡಿನಲ್ಲೇ ಇದೆ. ಸಣ್ಣ ಲಿಂಫೋಸೈಟಿನ ನ್ಯೂಕ್ಲಿಯಸ್ ಎಷ್ಟಿದೆಯೋ ನಾರ್ಮಲ್ ಕೆಂಪು ಕಣ ಸುಮಾರು ಅಷ್ಟೇ ಇರುತ್ತದೆ. ಅದಕ್ಕಿಂತ ಸಣ್ಣದಿದ್ದರೆ ಮೈಕ್ರೋಸೈಟ್. ಕಣದ ನಡುವಿನ ಬಿಳಿಚು ಭಾಗ ಕಣದ ಅಗಲದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇದ್ದರೆ ಹೈಪೋಕ್ರೋಮಿಕ್. ಕಣಗಳು ಒಂದನ್ನೊಂದು ಹೀಗೆ ತಾಗಿಯೂ ತಾಗದಂತೆ ಹರಡಿರುವ ಜಾಗದಲ್ಲೇ ನೋಡಬೇಕು. ದಪ್ಪ ಭಾಗದಲ್ಲಿ ಎಲ್ಲ ಒಂದರ ಮೇಲೊಂದು. ಬಾಲದ ತುದಿಯಲ್ಲಿ ಕಣಗಳು ಚಪ್ಪಟೆಯಾಗಿ ನಡುವಿನ ಬಿಳಿಚು ಭಾಗವೇ ಮಾಯವಾಗಿ, ಎಲ್ಲವೂ ಸ್ಫೀರೋಸೈಟ್ ತರ ಕಾಣುತ್ತದೆ.

ಇಲ್ಲಿ ನಮ್ಮ ಕರಾವಳಿಗೇ ಸೇರಿದ ಒಂದು ಮಾತು ಹೇಳಲೇಬೇಕು. ಜೂನ್, ಜುಲೈನಲ್ಲಿ ಕಾರವಾರದಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಆ ಗಾಳಿಯಲ್ಲಿ ಸ್ಲೈಡ್ ಕೂಡ ಬೇಗ ಒಣಗುವುದಿಲ್ಲ. ಅದರ ಜೊತೆ, ಸ್ಮಿಯರ್ ಫಿಕ್ಸ್ ಮಾಡುವ ಮೆಥನಾಲ್ ಗಾಳಿಯಿಂದ ನೀರು ಹೀರಿಕೊಳ್ಳುತ್ತದೆ. ಬಾಟಲಿಯ ಮುಚ್ಚಳ ತೆರೆದೇ ಇಟ್ಟಿದ್ದರಂತೂ ಕೇಳುವುದೇ ಬೇಡ. ನೀರು ಸೇರಿದ ಮೆಥನಾಲ್‌ನಲ್ಲಿ ಫಿಕ್ಸ್ ಆದ ಕಣಗಳ ನಡುವೆ ಬಿಳಿ ತೂತು ಬಿದ್ದಂತೆ ಕಾಣುತ್ತದೆ. ಹೊಸಬರು ಅದನ್ನೇ 'ಹೈಪೋಕ್ರೋಮಿಯಾ' ಅಂತ ಬರೆಯುತ್ತಾರೆ. ಬೇರೆ ಮಾಡುವುದು ಕಷ್ಟವಲ್ಲ. ನಿಜವಾದ ಹೈಪೋಕ್ರೋಮಿಯಾದಲ್ಲಿ ಅಂಚಿನ ಬಣ್ಣ ನಡುವಿಗೆ ಹೋಗುತ್ತಾ ಮೆಲ್ಲಗೆ ಕರಗುತ್ತದೆ. ನೀರಿನ ತೂತಿಗೆ ಅಂಚು ಕತ್ತರಿಸಿದಂತೆ ಗಟ್ಟಿಯಾಗಿರುತ್ತದೆ, ಫೈನ್ ಫೋಕಸ್ ಸ್ವಲ್ಪ ಮೇಲೆ ಕೆಳಗೆ ಮಾಡಿದರೆ ಹೊಳೆಯುತ್ತದೆ. ಜೊತೆಗೆ ಎಂಸಿಎಚ್ ನೋಡಿ. ಅದು 30 ಇದ್ದು ಸ್ಲೈಡ್ ಮಾತ್ರ ಬಿಳಿಚಿಕೊಂಡಿದ್ದರೆ ರೋಗಿಯದ್ದಲ್ಲ, ಮೆಥನಾಲಿನದ್ದು ತಪ್ಪು. ಸ್ಮಿಯರ್ ಎಳೆದ ಕೂಡಲೇ ಫ್ಯಾನ್ ಕೆಳಗೆ ಒಣಗಿಸಿ, ಹೊಸ ಮೆಥನಾಲ್ ಸುರಿದುಕೊಂಡು ಇನ್ನೊಂದು ಮಾಡಿ ನೋಡಿ.

ನಮ್ಮ ಇಬ್ಬರ ಹತ್ತಿರ ವಾಪಸ್ ಹೋಗೋಣ.

ಹೆಂಗಸಿನ ಸ್ಮಿಯರ್‌ನಲ್ಲಿ ಕಣಗಳೆಲ್ಲ ಒಂದೇ ಸಮ ಸಣ್ಣ. ಟಾರ್ಗೆಟ್ ಸೆಲ್ ಸಾಕಷ್ಟು ಇವೆ, ಕೆಲವು ಕಣಗಳಲ್ಲಿ ನೀಲಿ ಚುಕ್ಕೆ. ಫೆರಿಟಿನ್ 38, ಅಂದರೆ ಕಬ್ಬಿಣದ ದಾಸ್ತಾನು ಖಾಲಿಯಾಗಿಲ್ಲ. ಹೆಚ್‌ಪಿಎಲ್‌ಸಿ ಮಾಡಿಸಿದರೆ ಹಿಮೋಗ್ಲೋಬಿನ್ ಎ2 ಶೇಕಡಾ 5.2. ಅದು 3.5ಕ್ಕಿಂತ ಹೆಚ್ಚಿದ್ದರೆ ಬೀಟಾ ಥಲಸ್ಸೀಮಿಯಾ ಟ್ರೇಟ್. ಪ್ರಶ್ನೆ ಇಲ್ಲಿಗೆ ಮುಗಿಯುತ್ತದೆ, ಆದರೆ ಆಕೆಯ ವಿಷಯ ಇಲ್ಲಿಂದ ಶುರುವಾಗುತ್ತದೆ. ಆಕೆಗೆ ಟ್ರೇಟ್‌ನಿಂದ ಅಂಥಾ ತೊಂದರೆಯೇನೂ ಇಲ್ಲ. ಗಂಡನಿಗೂ ಟ್ರೇಟ್ ಇದ್ದರೆ ಮಾತ್ರ ಪ್ರತಿ ಬಸಿರಿನಲ್ಲೂ ಮಗುವಿಗೆ ಥಲಸ್ಸೀಮಿಯಾ ಮೇಜರ್ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆ ಮಗುವಿಗೆ ಜೀವನ ಪೂರ್ತಿ ರಕ್ತ ಕೊಡುತ್ತಲೇ ಇರಬೇಕಾಗುತ್ತದೆ. ಹಾಗಾಗಿ ಮುಂದಿನ ಹೆಜ್ಜೆ ಗಂಡನ ಸಿಬಿಸಿ ಮತ್ತು ಹೆಚ್‌ಪಿಎಲ್‌ಸಿ, ಅದೂ ಇದೇ ವಾರದಲ್ಲಿ. ಗರ್ಭದ ಮಗುವಿಗೆ ಮಾಡುವ ಪರೀಕ್ಷೆ 11ನೇ ವಾರದ ಆಸುಪಾಸಿನಿಂದ ಸಾಧ್ಯ. 10ನೇ ವಾರದ ರಿಪೋರ್ಟಿನಲ್ಲಿ 55 ಲಕ್ಷ ಅನ್ನುವುದನ್ನು ಯಾರಾದರೂ ಗಮನಿಸಿದರೆ ಆ ದಂಪತಿಗೆ ಯೋಚಿಸಲು ಸಮಯ ಇರುತ್ತದೆ. ಕಬ್ಬಿಣ ಕೊಟ್ಟು ಎರಡು ತಿಂಗಳು ಕಾದು, ಏರಲಿಲ್ಲ ಅಂತ ಮತ್ತೆರಡು ತಿಂಗಳು ಕಾದರೆ ಆ ಸಮಯ ಕೈಬಿಟ್ಟು ಹೋಗುತ್ತದೆ.

ಹಾಗಾದರೆ ಈಕೆಗೆ ಕಬ್ಬಿಣದ ಮಾತ್ರೆ ಕೊಡಬಾರದಾ ಅಂತ ನಿಮ್ಮಲ್ಲಿ ಯಾರೋ ಕೇಳಿದಿರಿ. ಒಳ್ಳೆಯ ಪ್ರಶ್ನೆ. ಟ್ರೇಟ್ ಇದೆ ಅಂತ ಕಬ್ಬಿಣ ನಿಷಿದ್ಧವಲ್ಲ. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಬಸುರಿಯರಿಗೆ ದಿನಕ್ಕೆ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಸಿಡ್ ಇರುವ ಮಾತ್ರೆ ಕೊಡುತ್ತಾರಲ್ಲ, ಆ ಪ್ರಮಾಣದಿಂದ ಹಾನಿ ಇಲ್ಲ. ಬಸಿರಿನಲ್ಲಿ ಆಕೆಗೂ ಕಬ್ಬಿಣ ಬೇಕು. ತಪ್ಪಾಗುವುದು ಎಲ್ಲಿ ಅಂದರೆ, ಹಿಮೋಗ್ಲೋಬಿನ್ 10ರಿಂದ ಮೇಲೆ ಹೋಗುತ್ತಿಲ್ಲ ಅಂತ ಮಾತ್ರೆ ದುಪ್ಪಟ್ಟು ಮಾಡುವುದು, ಆಮೇಲೆ ರಕ್ತನಾಳಕ್ಕೆ ಕಬ್ಬಿಣ ಹಾಕುವುದು. ಫೆರಿಟಿನ್ ಕಡಿಮೆ ಇದೆ ಅಂತ ತೋರಿಸದೆ ಅದನ್ನು ಮಾಡಬಾರದು.

ಗಂಡಸಿನ ಸ್ಮಿಯರ್ ಬೇರೆ. ಗಾತ್ರ ಆಕಾರ ಎಲ್ಲ ಚಲ್ಲಾಪಿಲ್ಲಿ, ಪೆನ್ಸಿಲ್ ಸೆಲ್ ಎದ್ದು ಕಾಣುತ್ತವೆ. ಪ್ಲೇಟ್‌ಲೆಟ್ ನಾಲ್ಕೂಮುಕ್ಕಾಲು ಲಕ್ಷ, ಕಬ್ಬಿಣದ ಕೊರತೆಯಲ್ಲಿ ಹೀಗೆ ಏರುವುದು ಮಾಮೂಲಿ. ಡಿಫರೆನ್ಶಿಯಲ್ ಕೌಂಟ್‌ನಲ್ಲಿ ಇಯೋಸಿನೋಫಿಲ್ ಶೇಕಡಾ 14. ಬರಿಗಾಲು, ಒದ್ದೆ ಮಣ್ಣು, ಇಯೋಸಿನೋಫಿಲ್ ಮೂರನ್ನೂ ಒಟ್ಟಿಗೆ ಓದಿದರೆ ಕೊಕ್ಕೆಹುಳು ಹೊಳೆಯಬೇಕು. ಹುಳುವಿನ ಮರಿ ಪಾದದ ಚರ್ಮದಿಂದ ಒಳಗೆ ಹೋಗಿ, ಕೊನೆಗೆ ಸಣ್ಣ ಕರುಳಿಗೆ ಕಚ್ಚಿಕೊಂಡು ದಿನಾ ಸ್ವಲ್ಪ ಸ್ವಲ್ಪ ರಕ್ತ ಹೀರುತ್ತದೆ. ಮಲ ಪರೀಕ್ಷೆಯಲ್ಲಿ ಮೊಟ್ಟೆ ಸಿಗುತ್ತದೆ. ಅಲ್ಬೆಂಡಜೋಲ್ ಕೊಟ್ಟು, ಕಬ್ಬಿಣ ಕೊಟ್ಟರೆ ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ ಸುಮಾರು 2 ಗ್ರಾಂ ಏರಬೇಕು.

ಆದರೆ 48 ವರ್ಷದ ಗಂಡಸಿಗೆ ಕಬ್ಬಿಣದ ಕೊರತೆ ಅಂದರೆ ಎಲ್ಲಿಂದಲೋ ರಕ್ತ ಹೋಗುತ್ತಿದೆ ಅಂತಲೇ ಮೊದಲು ಹಿಡಿಯಬೇಕು. ಹುಳು ಸಿಕ್ಕಿತು ಅಂತ ಹುಡುಕಾಟ ನಿಲ್ಲಿಸಬಾರದು. ಹುಳುವೂ ಇದ್ದು, ದೊಡ್ಡ ಕರುಳಿನ ಬಲಭಾಗದಲ್ಲಿ ಕ್ಯಾನ್ಸರ್ ಕೂಡ ಇರಬಹುದು. ಅದು ಹೊಟ್ಟೆನೋವು ಕೊಡದೆ ಬರೀ ರಕ್ತಹೀನತೆಯಾಗಿ ಕಾಣಿಸಿಕೊಳ್ಳುವುದು ಹೊಸದಲ್ಲ. ಮಲದ ಬಣ್ಣ ಕೇಳಿ, ತೂಕ ಇಳಿದಿದೆಯಾ ಕೇಳಿ, ಮೂಲವ್ಯಾಧಿ ಕೇಳಿ, ನೋವಿನ ಮಾತ್ರೆ ಎಷ್ಟು ತಿನ್ನುತ್ತಾನೆ ಕೇಳಿ. ಈ ವಯಸ್ಸಿನಲ್ಲಿ ಎಂಡೋಸ್ಕೋಪಿಯ ಮಾತು ಎತ್ತಲೇಬೇಕು.

ಇಲ್ಲಿಯವರೆಗೆ ಎಂಸಿವಿಯನ್ನು ನಂಬಿಕೊಂಡು ಬಂದೆವು. ಅದನ್ನು ಯಾವಾಗ ನಂಬಬಾರದು ಅನ್ನುವುದನ್ನೂ ಹೇಳಬೇಕು.

ಜೋಯಿಡಾದ ಒಂದು ಉಪಕೇಂದ್ರದಲ್ಲಿ ಬೆಳಗ್ಗೆ ರಕ್ತ ತೆಗೆದರು ಅಂತ ಇಟ್ಟುಕೊಳ್ಳಿ. ಮಳೆಗಾಲ, ಅಣಶಿ ಘಟ್ಟದ ದಾರಿ. ಸ್ಯಾಂಪಲ್ ಕಾರವಾರ ತಲುಪಿ ಯಂತ್ರಕ್ಕೆ ಹೋಗುವಾಗ ಮಾರನೇ ದಿನ ಮಧ್ಯಾಹ್ನ. ಇಡಿಟಿಎ ಟ್ಯೂಬಿನಲ್ಲಿ ಕೋಣೆಯ ಶಾಖದಲ್ಲಿ ಒಂದು ದಿನ ಕೂತ ಕಣಗಳು ನೀರು ಎಳೆದುಕೊಂಡು ಊದಿಕೊಳ್ಳುತ್ತವೆ. ನಿಜವಾದ ಎಂಸಿವಿ 77 ಇದ್ದದ್ದು ರಿಪೋರ್ಟಿನಲ್ಲಿ 82 ಅಂತ ಬಂದರೆ ಆಶ್ಚರ್ಯವಿಲ್ಲ. ಸಣ್ಣ ಕಣ ನಾರ್ಮಲ್ ಆಗಿಬಿಟ್ಟಿತು. ಈಗ ನಾನು ಮೊದಲು ಹೇಳಿದ್ದನ್ನು ನೆನಪು ಮಾಡಿಕೊಳ್ಳಿ. ಊದಿಕೊಂಡದ್ದು ಕಣದ ಗಾತ್ರ. ಒಳಗಿನ ಹಿಮೋಗ್ಲೋಬಿನ್ ಬದಲಾಗಿಲ್ಲ, ಕಣಗಳ ಎಣಿಕೆಯೂ ಬದಲಾಗಿಲ್ಲ. ಹಾಗಾಗಿ ಅವೆರಡರಿಂದ ಹುಟ್ಟಿದ ಎಂಸಿಎಚ್ ಹಾಗೇ ಇರುತ್ತದೆ. ಪಿಸಿವಿ ಗಾತ್ರದಿಂದ ಹುಟ್ಟಿದ್ದು, ಅದು ಏರುತ್ತದೆ. ಎಂಸಿಎಚ್‌ಸಿ ಪಿಸಿವಿಯಿಂದ ಹುಟ್ಟಿದ್ದು, ಅದು ಇಳಿಯುತ್ತದೆ. ದೂರದಿಂದ ಬಂದ ಸ್ಯಾಂಪಲ್‌ನಲ್ಲಿ ಥಲಸ್ಸೀಮಿಯಾ ಟ್ರೇಟ್ ಹುಡುಕುವಾಗ ಎಂಸಿಎಚ್ 27ಕ್ಕಿಂತ ಕಡಿಮೆ ಇದೆಯಾ ಅಂತ ನೋಡುವುದು ಎಂಸಿವಿ ನೋಡುವುದಕ್ಕಿಂತ ಭದ್ರ. ಸ್ಮಿಯರ್ ಮಾತ್ರ ರಕ್ತ ತೆಗೆದ ಜಾಗದಲ್ಲೇ ಎಳೆದು ಒಣಗಿಸಿ ಕಳಿಸಬೇಕು. ಒಂದು ದಿನ ಹಳೆಯ ರಕ್ತದಿಂದ ಎಳೆದ ಸ್ಮಿಯರ್‌ನಲ್ಲಿ ಕಣಗಳ ಅಂಚು ಮುಳ್ಳುಮುಳ್ಳಾಗಿ, ನ್ಯೂಟ್ರೋಫಿಲ್ ಕೊಳೆತು, ಆಕಾರದ ಬಗ್ಗೆ ಏನು ಬರೆದರೂ ಅದು ಟ್ಯೂಬಿನ ವರ್ಣನೆ ಆಗುತ್ತದೆ.

ಕೊನೆಯ ಕೇಸ್. ಸಿದ್ದಾಪುರ ಕಡೆಯ 60 ವರ್ಷದ ಅಮ್ಮ. ಮೀನು ಮಾಂಸ ಮುಟ್ಟದ ಮನೆ, ಈಚೆಗೆ ಹಾಲು ಮೊಸರನ್ನೂ ಬಿಟ್ಟಿದ್ದಾರೆ. ನಾಲಿಗೆ ಉರಿ, ಪಾದ ಜೋಮು. ಹಿಮೋಗ್ಲೋಬಿನ್ 6.8, ಎಣಿಕೆ 24 ಲಕ್ಷ, ಎಂಸಿವಿ 90, ಎಂಸಿಎಚ್ 28. ಆರ್‌ಡಿಡಬ್ಲ್ಯೂ 27.

ಎಂಸಿವಿ 90 ಅಂತ 'ನಾರ್ಮೋಸೈಟಿಕ್' ಗುಂಪಿಗೆ ಹಾಕಿ, ಕಿಡ್ನಿ ಕಾಯಿಲೆಯೋ ದೀರ್ಘಕಾಲದ ಕಾಯಿಲೆಯೋ ಅಂತ ಆಯ್ಕೆ ಹುಡುಕಲು ಹೊರಟರೆ ದಾರಿ ತಪ್ಪಿತು. ಬೆಳಗ್ಗೆ ಕಾರವಾರದ ಮೀನು ಪೇಟೆಯಲ್ಲಿ ಒಂದು ಬುಟ್ಟಿಗೆ ಅರ್ಧ ಇಸ್ವಾಣ, ಅರ್ಧ ತಾರ್ಲೆ ಹಾಕಿ ಒಂದೊಂದರ ಸರಾಸರಿ ತೂಕ ತೆಗೆದರೆ ಬರುವ ಅಂಕಿಯ ಮೀನು ಆ ಬುಟ್ಟಿಯಲ್ಲಿ ಒಂದೂ ಇರುವುದಿಲ್ಲ. ಈ 90 ಕೂಡ ಹಾಗೆ. ಆರ್‌ಡಿಡಬ್ಲ್ಯೂ 27 ಅದನ್ನೇ ಹೇಳುತ್ತಿದೆ. ಸ್ಮಿಯರ್ ಇಟ್ಟರೆ ಎರಡು ಜಾತಿಯ ಕಣಗಳು. ಒಂದು ಕಡೆ ದೊಡ್ಡ, ಮೊಟ್ಟೆಯಾಕಾರದ, ತುಂಬಿದ ಬಣ್ಣದ ಮ್ಯಾಕ್ರೋಓವಲೋಸೈಟ್. ಪಕ್ಕದಲ್ಲೇ ಸಣ್ಣ, ಬಿಳಿಚಿದ ಮೈಕ್ರೋಸೈಟ್. ಪ್ರಶ್ನೆಯಲ್ಲಿ 'ಡೈಮಾರ್ಫಿಕ್' ಅಂತ ಬರೆಯುವುದು ಇದಕ್ಕೇ. ನ್ಯೂಟ್ರೋಫಿಲ್ ಒಂದರಲ್ಲಿ ಆರು ಹಾಲೆ ಕಂಡರೆ ಸಾಕು, ಅಥವಾ ನೂರರಲ್ಲಿ ಐದಕ್ಕಿಂತ ಹೆಚ್ಚಿನವಕ್ಕೆ ಐದು ಹಾಲೆ ಇರಬೇಕು. ಅದು ಹೈಪರ್‌ಸೆಗ್ಮೆಂಟೆಡ್ ನ್ಯೂಟ್ರೋಫಿಲ್. ಈ ಅಮ್ಮನಿಗೆ ಬಿ12 ಕೊರತೆ ಮತ್ತು ಕಬ್ಬಿಣದ ಕೊರತೆ ಎರಡೂ ಇವೆ.

ಡೈಮಾರ್ಫಿಕ್ ಅಂದ ಕೂಡಲೇ ಎರಡು ಕೊರತೆ ಅಂತಲೂ ಅಲ್ಲ. ಇತ್ತೀಚೆಗೆ ರಕ್ತ ಕೊಟ್ಟಿದ್ದರೆ, ದಾನಿಯ ನಾರ್ಮಲ್ ಕಣ ಮತ್ತು ರೋಗಿಯ ಸಣ್ಣ ಕಣ ಸೇರಿ ಇದೇ ಚಿತ್ರ ಬರುತ್ತದೆ. ಕಬ್ಬಿಣ ಶುರು ಮಾಡಿ ಎರಡು ಮೂರು ವಾರ ಆಗಿದ್ದರೂ ಬರುತ್ತದೆ. ಸೈಡರೋಬ್ಲಾಸ್ಟಿಕ್ ಅನೀಮಿಯಾದಲ್ಲೂ ಬರುತ್ತದೆ. ಪ್ರಶ್ನೆಯ ಮೊದಲ ಸಾಲಿನಲ್ಲಿ ಊಟ, ರಕ್ತ ಕೊಟ್ಟದ್ದು, ಔಷಧಿ ಇವನ್ನು ಸುಮ್ನೆ ಬರೆದಿರುವುದಿಲ್ಲ. ಹೈಪರ್‌ಸೆಗ್ಮೆಂಟೆಡ್ ನ್ಯೂಟ್ರೋಫಿಲ್ ಇದ್ದದ್ದರಿಂದ ಇಲ್ಲಿ ಬಿ12 ಅಥವಾ ಫೋಲೇಟ್ ಕಡೆಗೆ ಹೋದೆವು, ಪಾದದ ಜೋಮಿನಿಂದ ಬಿ12 ಅಂತ ನಿಂತೆವು. ಫೋಲಿಕ್ ಆಸಿಡ್ ಮಾತ್ರ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಾಣಬಹುದು, ನರದ ತೊಂದರೆ ಮುಂದುವರಿಯುತ್ತಲೇ ಇರುತ್ತದೆ.

ಈ ಅಮ್ಮನಿಗೆ ಬಿ12 ಚುಚ್ಚುಮದ್ದು ಶುರು ಮಾಡಿದ ಮೇಲೆ ಏನಾಗುತ್ತದೆ ನೋಡಿ. ವಾರದೊಳಗೆ ರೆಟಿಕ್ಯುಲೋಸೈಟ್ ಏರುತ್ತದೆ, ಹಿಮೋಗ್ಲೋಬಿನ್ 8.5ರವರೆಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಎಂಸಿವಿ 90 ಇದ್ದದ್ದು 76ಕ್ಕೆ ಇಳಿಯುತ್ತದೆ. ವಾರ್ಡಿನಲ್ಲಿರುವ ನಿಮಗೆ ಗಾಬರಿ, ಚಿಕಿತ್ಸೆ ಕೊಟ್ಟ ಮೇಲೆ ರಿಪೋರ್ಟ್ ಕೆಟ್ಟಿತಲ್ಲ ಅಂತ. ಕೆಟ್ಟಿಲ್ಲ. ಬಿ12 ಸಿಕ್ಕಿ ಮಜ್ಜೆ ಜೋರಾಗಿ ಕಣ ಮಾಡತೊಡಗಿತು, ಉಳಿದಿದ್ದ ಚೂರುಪಾರು ಕಬ್ಬಿಣವೂ ಅದರಲ್ಲಿ ಖರ್ಚಾಯಿತು. ದೊಡ್ಡ ಕಣಗಳು ಹೋದವು, ಕಬ್ಬಿಣವಿಲ್ಲದ ಸಣ್ಣ ಕಣಗಳಷ್ಟೇ ಉಳಿದವು. ಈಗ ಫೆರಿಟಿನ್ ಕಳಿಸಿ ಕಬ್ಬಿಣ ಶುರು ಮಾಡಿ. ಮತ್ತೆ ನಾಲ್ಕು ವಾರ ಬಿಟ್ಟು ಸಿಬಿಸಿ ನೋಡುವಾಗ ಆರ್‌ಡಿಡಬ್ಲ್ಯೂ ಇನ್ನೂ ಜಾಸ್ತಿಯೇ ಇರುತ್ತದೆ, ಹಳೆಯ ಸಣ್ಣ ಕಣಗಳ ಜೊತೆ ಹೊಸ ನಾರ್ಮಲ್ ಕಣಗಳು ಸೇರಿರುತ್ತವಲ್ಲ. ಅದು ಇಳಿಯಲು ಮೂರು ನಾಲ್ಕು ತಿಂಗಳು ಬೇಕು.